ಬಡ್ಡಿಯ ತವರು

ಶೃಂಗೇರಿ ಪಕ್ಕದ ಮೆಣಸೆಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಅದೇ ಊರಿನ ನೆಂಟರ ಮನೆಯ ಅಟ್ಟದಲ್ಲಿ ನನಗೆ ಸಿಕ್ಕಿದ್ದು ಮಾತ್ರ ಶಾಸ್ತ್ರಗ್ರಂಥವಲ್ಲ, ಅಡಿಕೆ ಸಾಲದ ಲೆಕ್ಕದ ಪುಸ್ತಕ. ಅದರಲ್ಲಿದ್ದ ‘ಚಕ್ರಬಡ್ಡಿ’ ಎಂಬ ಪದ ನನ್ನನ್ನು ಹಿಡಿದು ನಿಲ್ಲಿಸಿತು.

ಕಾಂಪೌಂಡ್ ಇಂಟರೆಸ್ಟ್ ಎಂಬುದಕ್ಕೆ ಈ ಪದವನ್ನು ಯಾವ ಸಮಿತಿಯೂ ಕೂತು ಕಟ್ಟಬೇಕಾಗಲಿಲ್ಲ. ಮನುಸ್ಮೃತಿಯಲ್ಲೇ ‘ಚಕ್ರವೃದ್ಧಿ’ ಇದೆ. ಸಾವಿರ ರೂಪಾಯಿಗೆ ನೂರಕ್ಕೆ ಹನ್ನೆರಡರಂತೆ ಮೊದಲ ವರ್ಷ 120 ರೂಪಾಯಿ. ಅದೂ ಅಸಲಿಗೆ ಸೇರಿ ಎರಡನೆಯ ವರ್ಷ 134 ರೂಪಾಯಿ 40 ಪೈಸೆ. ಬಡ್ಡಿಯೇ ಅಸಲಾಗಿ ಮತ್ತೆ ಬಡ್ಡಿ ಹೆರುವ ಈ ಸುತ್ತೇ ಚಕ್ರ.

ಕನ್ನಡಿಗರು ಚಕ್ರವನ್ನು ಹಾಗೆಯೇ ಇಟ್ಟುಕೊಂಡು ವೃದ್ಧಿಯನ್ನು ತಮ್ಮ ನಾಲಿಗೆಗೆ ಒಗ್ಗಿಸಿದರು. ಮೊದಲ ವಕಾರ ಬಕಾರವಾಯಿತು, ಋಕಾರ ಕಳಚಿತು, ಅದು ಹೋಗುವಾಗ ದಕಾರವನ್ನು ಡಕಾರವಾಗಿಸಿ ಹೋಯಿತು, ಮಹಾಪ್ರಾಣವೂ ಉಳಿಯಲಿಲ್ಲ. ವರ್ಣ ಬಣ್ಣವಾದಾಗಲೂ ಇದೇ ವಕಾರ ಬಕಾರವಾಯಿತು. ಇಂಥ ಮಾರ್ಪಾಟುಗಳನ್ನು ಕೇಶಿರಾಜ 13ನೇ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಸೂತ್ರ ಹಾಕಿ ತೋರಿಸಿದ್ದಾನೆ.

ಮುಖ್ಯ ಸಂಗತಿಯೆಂದರೆ, ತದ್ಭವ ಹುಟ್ಟಿದರೂ ತತ್ಸಮ ಸಾಯಲಿಲ್ಲ. ಸಂಸ್ಕೃತದಲ್ಲಿ ಬೆಳವಣಿಗೆ, ಬಡ್ಡಿ ಎರಡನ್ನೂ ಹೊತ್ತಿದ್ದ ಒಂದೇ ಪದ ಇಲ್ಲಿ ಎರಡಾಗಿ ಕೆಲಸ ಹಂಚಿಕೊಂಡಿತು. ಇವತ್ತಿನ ಪತ್ರಿಕೆಯಲ್ಲಿ ‘ವೃದ್ಧಿ ದರ’ ಎಂದರೆ ಗ್ರೋಥ್ ರೇಟ್, ‘ಬಡ್ಡಿ ದರ’ ಎಂದರೆ ಇಂಟರೆಸ್ಟ್ ರೇಟ್. ಅಕ್ಕಪಕ್ಕ ಅಚ್ಚಾದರೂ ಯಾರೂ ಗೊಂದಲಗೊಳ್ಳುವುದಿಲ್ಲ. ಇಂಗ್ಲಿಷಿನ ಇಂಟರೆಸ್ಟ್ ಆಸಕ್ತಿಯೂ ಹೌದು, ಬಡ್ಡಿಯೂ ಹೌದು. ನಮ್ಮ ಬಡ್ಡಿಗೆ ಆ ತೊಡಕಿಲ್ಲ. ಸ್ಥಾನ ಮತ್ತು ತಾಣಗಳೂ ಹೀಗೇ ಬೇರೆಯಾದವು. ವಿಧಾನಸಭೆಯ 224 ಸ್ಥಾನಗಳನ್ನು ನಾವು ತಾಣ ಎನ್ನುವುದಿಲ್ಲ. ವೆಬ್‌ಸೈಟ್ ಬಂದಾಗ ಜಾಲತಾಣ ಸಲೀಸಾಗಿ ಕೂತಿತು.

ತತ್ಸಮ ತತ್ಸಮದೊಡನೆ, ತದ್ಭವ ತದ್ಭವ ಅಥವಾ ಅಚ್ಚಗನ್ನಡದೊಡನೆ ಕೂಡಬೇಕು, ಇಲ್ಲವಾದರೆ ಅರಿಸಮಾಸ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆ ಲೆಕ್ಕಕ್ಕೆ ಚಕ್ರಬಡ್ಡಿಯೂ ತಪ್ಪು, ಜಾಲತಾಣವೂ ತಪ್ಪು. ಆದರೆ ಜನರ ಬಾಯಲ್ಲಿ ನಿಂತದ್ದು ಇವೇ. ಪದ ಕಟ್ಟುವವರು ಈ ನಿಯಮಕ್ಕೆ ಇನ್ನೂ ಅಂಜುವುದು ನನಗೆ ಸರಿಕಾಣುವುದಿಲ್ಲ.

ಹಾಗೆಂದು ತದ್ಭವ ಎಲ್ಲ ಕಡೆಯೂ ಒದಗದು. ‘ಅಭಿ’ ಸೇರಿದರೆ ವೃದ್ಧಿ ಅಭಿವೃದ್ಧಿಯಾಗಿ ಡೆವಲಪ್‌ಮೆಂಟಿಗೆ ಸಾಟಿಯಾಗುತ್ತದೆ. ಬಡ್ಡಿಗೆ ಆ ಉಪಸರ್ಗ ಅಂಟುವುದಿಲ್ಲ. ಕೆಲವು ತದ್ಭವಗಳಂತೂ ನಮ್ಮ ಕೈತಪ್ಪಿಯೇ ಹೋದವು. ವಿಜ್ಞಾನದಿಂದ ಬಂದ ಬಿನ್ನಾಣಕ್ಕೆ ಹಳಗನ್ನಡದಲ್ಲಿ ಕುಶಲತೆ, ಕೈಚಳಕ ಎಂಬ ಅರ್ಥವಿತ್ತು. ಬಿನ್ನಾಣಿ ಎಂದರೆ ನುರಿತ ಕುಶಲಕರ್ಮಿ. ಟೆಕ್ನಾಲಜಿಗೆ ಇದಕ್ಕಿಂತ ಹತ್ತಿರದ ಪದ ಬೇಕಿತ್ತೇ? ನಾವು ತಂತ್ರಜ್ಞಾನ ಎಂದು ಹೊಸದಾಗಿ ಕಟ್ಟಿಕೊಂಡೆವು. ಬಿನ್ನಾಣ ಈಗ ಬರೀ ಒಯ್ಯಾರದ ಮಾತಾಗಿ ಉಳಿದಿದೆ.