ಏಸಿಯೊಳಗಿಂದ ತೊಟ್ಟಿಕ್ಕುವ ನೀರು

ಮೇ ತಿಂಗಳ ಮಂಗಳೂರಿನ ಸೆಖೆಯಲ್ಲಿ ನಮ್ಮ ಏಸಿ ಮಂಚದ ಮೇಲೆ ತೊಟ್ಟಿಕ್ಕತೊಡಗಿತು. ಗ್ಯಾಸ್ ಸೋರುತ್ತಿದೆ ಎಂದರು ಮನೆಯವರು. ಗ್ಯಾಸ್ ನೀರಾಗಿ ಬೀಳುವುದಿಲ್ಲ. ಇದು ಕೋಣೆಯ ಗಾಳಿಯಲ್ಲಿದ್ದ ತೇವ. ತಣ್ಣನೆಯ ಕಾಯಿಲ್ ಮೇಲೆ ಹನಿಗಟ್ಟಿ, ಕೆಳಗಿನ ತಟ್ಟೆಗಿಳಿದು, ಪೈಪಿನಲ್ಲಿ ಹೊರಹೋಗಬೇಕು. ಕರಾವಳಿಯ ಹವೆಯಲ್ಲಿ ಗಂಟೆಗೆ ಲೀಟರಿನಷ್ಟು ನೀರು ಬಂದರೂ ಆಶ್ಚರ್ಯವಿಲ್ಲ.

ಒಂದು ಗಂಟೆ ಓಡಿಸಿದರೂ ಹೊರಗಿನ ಪೈಪಿನ ತುದಿ ಒಣಗಿಯೇ ಇತ್ತು. ಮೆಕ್ಯಾನಿಕ್ ಆ ತುದಿಗೆ ನೀರೆಳೆಯುವ ವ್ಯಾಕ್ಯೂಮ್ ಹಿಡಿದಾಗ ಕಂದು ಬಣ್ಣದ ಲೋಳೆ ಬಳಬಳನೆ ಬಂತು. ಧೂಳು, ಪಾಚಿ ಸೇರಿ ಕಟ್ಟಿದ ಲೋಳೆಯದು. ತಟ್ಟೆಗೆ ಒಂದು ಲೋಟ ನೀರು ಸುರಿದರು. ಹೊರಗೆ ಸಲೀಸಾಗಿ ಹರಿಯಿತು.

ಆದರೂ ಎಡಮೂಲೆಯಲ್ಲಿ ಹನಿ ನಿಲ್ಲಲಿಲ್ಲ. ಏಸಿಯ ಮೇಲೆ ರಸಮಟ್ಟ ಇಟ್ಟರೆ ಗುಟ್ಟು ಬಯಲು: ಪೈಪು ಬಲಕ್ಕೆ, ಘಟಕ ವಾಲಿದ್ದು ಎಡಕ್ಕೆ! ಗೋಡೆಯ ಪ್ಲೇಟು ಸರಿಪಡಿಸಿದ ಮೇಲೆ ಹನಿ ನಿಂತಿತು.

ಫಿಲ್ಟರ್ ಕೊಳೆಯಾಗಿದ್ದರೆ ಲಕ್ಷಣವೇ ಬೇರೆ. ಗಾಳಿ ಸಾಲದೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಏಸಿ ಆರಿಸಿದ ಮೇಲೆ ಅದು ಕರಗಿ ಒಮ್ಮೆಲೇ ಸುರಿಯುತ್ತದೆ. ಫಿಲ್ಟರ್ ತೊಳೆದ ಮೇಲೂ ಮಂಜು ಕಟ್ಟಿದರೆ, ಆಗ ಗ್ಯಾಸ್ ಕಡಿಮೆಯಾಗಿದೆಯೇ ಎಂದು ನೋಡಿಸಬೇಕು. ಮನೆಯವರ ಅನುಮಾನ ಪೂರ್ತಿ ಸುಳ್ಳೇನಲ್ಲ.