ಹದಿನಾಲ್ಕು ಶನಿವಾರಗಳ ಲೆಕ್ಕ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಷಿನ್ ಲರ್ನಿಂಗ್ ಓದಿದವರು ಟೆನಿಸ್ ರ್ಯಾಕೆಟ್ಟನ್ನು ಕೈಯಲ್ಲಿ ಹಿಡಿಯದೇ ಇದ್ದಿರಬಹುದು. ಆದರೆ ಯಾವ ಹವೆಯಲ್ಲಿ ಟೆನಿಸ್ ಆಡಬೇಕು ಎಂಬ ಪ್ರಶ್ನೆಗೆ ಅವರೆಲ್ಲ ಒಮ್ಮೆಯಾದರೂ ಉತ್ತರ ಬರೆದಿರುತ್ತಾರೆ. ಹದಿನಾಲ್ಕು ದಿನಗಳ ಪಟ್ಟಿ ಕೊಟ್ಟಿರುತ್ತಾರೆ. ಪ್ರತಿ ದಿನಕ್ಕೂ ಆಕಾಶ, ತಾಪಮಾನ, ತೇವಾಂಶ, ಗಾಳಿ ಎಂಬ ನಾಲ್ಕು ಗುಣಗಳು, ಕೊನೆಯಲ್ಲಿ ಆಡಿದರೋ ಇಲ್ಲವೋ ಎಂಬ ಫಲ. ಡಿಸಿಷನ್ ಟ್ರೀಯ ರೂಟ್‌ನಲ್ಲಿ, ಅಂದರೆ ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆಯಾಗಿ, ಯಾವ ಗುಣ ಕೂರಬೇಕು ಎಂದು ಕೈಯಲ್ಲೇ ಲೆಕ್ಕ ಹಾಕಿ ತೋರಿಸಬೇಕು.

ಈ ಪಟ್ಟಿ ಬಂದದ್ದು ಆಸ್ಟ್ರೇಲಿಯಾದ ರಾಸ್ ಕ್ವಿನ್ಲನ್ ಅವರಿಂದ. 1986ರಲ್ಲಿ ‘ಮೆಷಿನ್ ಲರ್ನಿಂಗ್’ ಪತ್ರಿಕೆಯಲ್ಲಿ ತಮ್ಮ ಐಡಿ3 ವಿಧಾನವನ್ನು ವಿವರಿಸುವಾಗ ಅವರು ಶನಿವಾರದ ಬೆಳಗುಗಳ ಉದಾಹರಣೆ ತೆಗೆದುಕೊಂಡರು. ಅಲ್ಲಿ ಟೆನಿಸ್ ಇರಲಿಲ್ಲ; P, N ಎಂಬ ಎರಡು ಗುರುತುಗಳಿದ್ದವು ಅಷ್ಟೆ. ಟಾಮ್ ಮಿಚೆಲ್ ಅವರ 1997ರ ಪಠ್ಯಪುಸ್ತಕದಲ್ಲಿ ಅದೇ ಪಟ್ಟಿ ಟೆನಿಸ್ ಆಟವಾಯಿತು. ಆ ಪುಸ್ತಕ ಮತ್ತು ಐಡಿ3 ಲ್ಯಾಬ್ ಪ್ರೋಗ್ರಾಂ ವಿಟಿಯು ಪಠ್ಯಕ್ರಮಕ್ಕೆ ಬಂದ ಮೇಲೆ ಟೆನಿಸ್ ಕೂಡ ನಮ್ಮ ಪ್ರಶ್ನೆಪತ್ರಿಕೆಗಳೊಳಗೆ ನುಸುಳಿತು.

ಹದಿನಾಲ್ಕು ದಿನಗಳಲ್ಲಿ 9 ದಿನ ಆಡಿದ್ದಾರೆ, 5 ದಿನ ಆಡಿಲ್ಲ. ಹವೆಯ ಬಗ್ಗೆ ಏನೂ ಹೇಳದೆ ‘ಇವತ್ತು ಆಡಿದರಾ?’ ಎಂದು ಕೇಳಿದರೆ ‘ಹೌದು’ ಎನ್ನುವುದೇ ಜಾಣತನ, ಆದರೂ ತಪ್ಪುವ ಸಾಧ್ಯತೆ ಸಾಕಷ್ಟಿದೆ. ಈ ಅನಿಶ್ಚಿತತೆಗೆ ಒಂದು ಅಳತೆ ಬೇಕಲ್ಲ, ಅದೇ ಎಂಟ್ರೊಪಿ. ಸೂತ್ರ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟದ್ದು:

H = −p log₂ p − q log₂ q

ಇಲ್ಲಿ p ಎಂದರೆ ಹೌದುಗಳ ಪಾಲು, q ಎಂದರೆ ಇಲ್ಲಗಳ ಪಾಲು. ಎರಡೂ ಸಮಸಮ ಇದ್ದರೆ H ಸರಿಯಾಗಿ 1 ಬಿಟ್. ಎಲ್ಲವೂ ಒಂದೇ ಕಡೆಗಿದ್ದರೆ 0. ನಮ್ಮ 9 ಮತ್ತು 5ಕ್ಕೆ ಬರುವುದು 0.940. ಒಂದಕ್ಕೆ ಹತ್ತಿರವೇ ಇದೆ, ಅಂದರೆ ಗೊಂದಲ ಜೋರಾಗಿಯೇ ಇದೆ.

ಒಂದು ಗುಣದ ಪ್ರಕಾರ ದಿನಗಳನ್ನು ಗುಂಪು ಮಾಡಿದ ಮೇಲೆ ಈ ಗೊಂದಲ ಎಷ್ಟು ಇಳಿಯಿತು ಎಂಬುದೇ ಇನ್ಫರ್ಮೇಶನ್ ಗೇನ್. ಯಾವ ಗುಣದಿಂದ ಹೆಚ್ಚು ಇಳಿಯುತ್ತದೋ ಅದು ರೂಟ್. ವಿಷಯ ಇಷ್ಟೇ, ಆದರೆ ನಾಲ್ಕು ಗುಣಗಳಿಗೆ ಒಟ್ಟು ಹತ್ತು ಗುಂಪುಗಳಾಗುತ್ತವೆ. ಪ್ರತಿ ಗುಂಪಿಗೂ ಎರಡು ಭಾಗಾಕಾರ, ಎರಡು ಲಾಗ್, ಎರಡು ಗುಣಾಕಾರ, ಆಮೇಲೆ ಗುಂಪಿನ ಗಾತ್ರದಿಂದ ಇನ್ನೊಂದು ಗುಣಾಕಾರ. ಕ್ಯಾಲ್ಕುಲೇಟರಿನಲ್ಲಿ ಹೆಚ್ಚಾಗಿ ಎರಡರ ಬುಡದ ಲಾಗ್ ಕೀಲಿ ಇರುವುದಿಲ್ಲ, ಹಾಗಾಗಿ ಪ್ರತಿ ಸಲವೂ log 2ರಿಂದ, ಅಂದರೆ 0.3010ರಿಂದ, ಭಾಗಿಸಬೇಕು. ಗಡಿಯಾರ ಓಡುವುದು ಇಲ್ಲಿಯೇ.

ಇದನ್ನು ಚಿಕ್ಕದು ಮಾಡಲು ಒಂದು ದಾರಿ ಇದೆ. ತರಗತಿಯಲ್ಲಿ ಇದನ್ನು ಅಷ್ಟಾಗಿ ಹೇಳಿಕೊಡದಿರುವುದು ನನಗೆ ಆಶ್ಚರ್ಯ. n ದಿನಗಳ ಗುಂಪಿನಲ್ಲಿ a ಹೌದು, b ಇಲ್ಲ ಇವೆ ಎನ್ನಿ. p ಬದಲು a/n, q ಬದಲು b/n ಹಾಕಿ, ಇಡೀ ಸೂತ್ರವನ್ನು nರಿಂದ ಗುಣಿಸಿದರೆ ಭಿನ್ನರಾಶಿಗಳೆಲ್ಲ ಕರಗಿ ಹೀಗೆ ಉಳಿಯುತ್ತದೆ:

nH = n log₂ n − a log₂ a − b log₂ b

ಮೂರೂ ಪದಗಳು ಒಂದೇ ಮಾದರಿಯವು: ಒಂದು ಪೂರ್ಣಸಂಖ್ಯೆ, ಅದರದೇ ಲಾಗ್‌ನಿಂದ ಗುಣಿಸಿದ್ದು. ಲೆಕ್ಕ ಶುರು ಮಾಡುವ ಮುಂಚೆ ಉತ್ತರಪತ್ರಿಕೆಯ ಅಂಚಿನಲ್ಲಿ ಈ ಪುಟ್ಟ ಮಗ್ಗಿ ಬರೆದುಕೊಂಡರೆ ಆಮೇಲೆ ಲಾಗ್ ಕೀಲಿ ಮುಟ್ಟುವ ಕೆಲಸವೇ ಇಲ್ಲ.

| x | x log₂ x |
|---|---|
| 1 | 0 |
| 2 | 2 |
| 3 | 4.755 |
| 4 | 8 |
| 5 | 11.610 |
| 6 | 15.510 |
| 7 | 19.651 |
| 8 | 24 |
| 9 | 28.529 |
| 14 | 53.303 |

ಇದರಲ್ಲಿ 1, 2, 4, 8 ಬಾಯಲ್ಲೇ ಬರುತ್ತವೆ. ಕ್ಯಾಲ್ಕುಲೇಟರ್ ಬೇಕಾಗುವುದು ಉಳಿದ ಆರಕ್ಕೆ ಮಾತ್ರ. ಮೂರಕ್ಕೆ, ಉದಾಹರಣೆಗೆ, 3 × 0.4771 ÷ 0.3010.

ಒಟ್ಟು ಗೊಂದಲ ಈಗ ಒಂದೇ ಸಾಲು: 53.303 − 28.529 − 11.610 = 13.164. ಇದನ್ನು 14ರಿಂದ ಭಾಗಿಸಿ ನೋಡಿ, ಮೊದಲಿನ 0.940 ಬರುತ್ತದೆ. ಈ 13.164ಕ್ಕೆ ಅದರದೇ ಅರ್ಥವೂ ಇದೆ. ಹದಿನಾಲ್ಕು ದಿನಗಳ ಹೌದು–ಇಲ್ಲಗಳನ್ನು ಇನ್ನೊಬ್ಬರಿಗೆ ತಿಳಿಸಲು, ಇವೇ ಪ್ರಮಾಣಗಳು ಅವರಿಗೆ ಮೊದಲೇ ಗೊತ್ತಿದ್ದಾಗ, ಸರಾಸರಿಯಾಗಿ ಬೇಕಾಗುವ ಒಟ್ಟು ಬಿಟ್‌ಗಳು ಅಷ್ಟು.

ಇನ್ನು ಎಣಿಕೆ. ಪಟ್ಟಿಯಿಂದ ಎಣಿಸಿದಾಗ ಸಿಗುವ ಹೌದು–ಇಲ್ಲ ಸಂಖ್ಯೆಗಳು ಇವು:

| ಗುಣ | ಗುಂಪುಗಳು (ಹೌದು–ಇಲ್ಲ) |
|---|---|
| ಆಕಾಶ | ಬಿಸಿಲು 2–3, ಮೋಡ 4–0, ಮಳೆ 3–2 |
| ತೇವಾಂಶ | ಹೆಚ್ಚು 3–4, ಸಾಮಾನ್ಯ 6–1 |
| ಗಾಳಿ | ಮೆಲ್ಲಗೆ 6–2, ಜೋರು 3–3 |
| ತಾಪಮಾನ | ಸೆಕೆ 2–2, ಹದ 4–2, ತಂಪು 3–1 |

ಅಂಕ ಹೋಗುವುದು ಸೂತ್ರದಲ್ಲಿ ಎಂದು ಹುಡುಗರು ಅಂದುಕೊಂಡಿರುತ್ತಾರೆ. ನನ್ನ ಪ್ರಕಾರ ಹೆಚ್ಚಾಗಿ ಹೋಗುವುದು ಈ ಎಣಿಕೆಯಲ್ಲಿ. ಮುಂದೆ ಹೋಗುವ ಮುಂಚೆ ಪ್ರತಿ ಸಾಲಿನ ಹೌದುಗಳನ್ನು ಕೂಡಿ: 9 ಬರಲೇಬೇಕು. ಇಲ್ಲಗಳನ್ನು ಕೂಡಿ: 5 ಬರಲೇಬೇಕು. ಮಳೆಯ ಒಂದು ದಿನ ಕಣ್ತಪ್ಪಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಹತ್ತು ಸೆಕೆಂಡಿನ ಈ ತಾಳೆ ನೋಡದಿದ್ದರೆ ಅರ್ಧ ಪುಟ ಹೊಡೆದುಹಾಕಬೇಕಾದೀತು.

ಆಕಾಶವನ್ನು ತೆಗೆದುಕೊಳ್ಳೋಣ. ಬಿಸಿಲಿನ ಐದು ದಿನಗಳಿಗೆ 11.610 − 2 − 4.755 = 4.855. ಮೋಡದ ನಾಲ್ಕು ದಿನವೂ ಆಡಿದ್ದಾರೆ, ಹಾಗಾಗಿ 8 − 8 = 0; ಅಲ್ಲಿ ಗೊಂದಲವೇ ಇಲ್ಲ. ಮಳೆಗೆ ಮತ್ತೆ 4.855, ಏಕೆಂದರೆ 2–3 ಆದರೂ 3–2 ಆದರೂ ಲೆಕ್ಕ ಒಂದೇ. ಮೂರನ್ನೂ ಸುಮ್ಮನೆ ಕೂಡಿದರೆ 9.710. ಆಕಾಶ ಹೇಗಿತ್ತೆಂದು ಗೊತ್ತಾದ ಮೇಲೂ ಉಳಿದ ಗೊಂದಲ ಇಷ್ಟು. 13.164ರಿಂದ 9.710 ಕಳೆದರೆ 3.454; ಅದನ್ನು 14ರಿಂದ ಭಾಗಿಸಿದರೆ ಗೇನ್ 0.247.

ಗುಂಪಿನ ಗಾತ್ರದಿಂದ ಗುಣಿಸುವ ಮೆಟ್ಟಿಲು ಇಲ್ಲಿ ಬರಲೇ ಇಲ್ಲ ಎಂಬುದನ್ನು ಗಮನಿಸಿ. ಮಾಮೂಲಿ ವಿಧಾನದಲ್ಲಿ 5/14, 4/14, 5/14 ಎಂದು ತೂಕ ಕೊಡಬೇಕು. ಅದನ್ನು ಮರೆತು ಮೂರು ಎಂಟ್ರೊಪಿಗಳ ಬರೀ ಸರಾಸರಿ ತೆಗೆಯುವವರು ಕಡಿಮೆಯಿಲ್ಲ; ಅವರಿಗೆ 0.694ರ ಬದಲು 0.647 ಸಿಗುತ್ತದೆ. nH ಬಳಸಿದರೆ ತೂಕ ಅದರೊಳಗೇ ಸೇರಿಹೋಗಿದೆ, ಮರೆಯಲು ಏನೂ ಇಲ್ಲ.

ಉಳಿದ ಮೂರೂ ಬೇಗ ಮುಗಿಯುತ್ತವೆ. ತೇವಾಂಶಕ್ಕೆ 6.896 ಮತ್ತು 4.141, ಕೂಡಿದರೆ 11.037, ಗೇನ್ 0.152. ಗಾಳಿಗೆ 6.490 ಮತ್ತು 6, ಒಟ್ಟು 12.490, ಗೇನ್ 0.048. ತಾಪಮಾನಕ್ಕೆ 4, 5.510, 3.245, ಒಟ್ಟು 12.755, ಗೇನ್ ಬರೀ 0.029. ರೂಟ್ ಆಗುವುದು ಆಕಾಶ. ನಿಜ ಹೇಳಬೇಕೆಂದರೆ ರೂಟ್ ಯಾವುದೆಂದು ತಿಳಿಯಲು ಗೇನ್ ಕೂಡ ಬೇಕಿಲ್ಲ, ಉಳಿದ ಗೊಂದಲ ಎಲ್ಲಿ ಕಡಿಮೆಯೋ ಅದೇ ಗೆದ್ದಂತೆ. ಆದರೆ ಮೌಲ್ಯಮಾಪಕರು ಗೇನ್ ಹುಡುಕುತ್ತಾರೆ, ಬರೆದುಬಿಡಿ. ಶಾನನ್ ಸೂತ್ರ ಬರೆದು, nHಗೆ ಹೇಗೆ ಬಂದಿರಿ ಎಂಬುದನ್ನು ಒಂದು ಸಾಲಿನಲ್ಲಿ ತೋರಿಸಿದರೆ ಮಗ್ಗಿ ಎಲ್ಲಿಂದ ಬಂತೆಂಬ ಪ್ರಶ್ನೆ ಏಳುವುದಿಲ್ಲ.

ಮಿಚೆಲ್ ಪುಸ್ತಕ ನೋಡಿದವರಿಗೆ ಒಂದು ದಿಗಿಲು ಹುಟ್ಟಬಹುದು. ಅಲ್ಲಿ ಆಕಾಶದ ಗೇನ್ 0.246, ತೇವಾಂಶದ್ದು 0.151 ಎಂದಿದೆ. ಎಂಟ್ರೊಪಿಗಳನ್ನು ಮೊದಲೇ ಮೂರು ದಶಮಾಂಶಕ್ಕೆ ಕತ್ತರಿಸಿ ಆಮೇಲೆ ಕಳೆದರೆ ಹಾಗೆ ಬರುತ್ತದೆ. ಕೊನೆಯಲ್ಲಿ ಒಮ್ಮೆ ಮಾತ್ರ ಕತ್ತರಿಸಿದರೆ 0.247, 0.152. ಕೊನೆಯ ಅಂಕಿಯ ಈ ವ್ಯತ್ಯಾಸಕ್ಕೆ ಲೆಕ್ಕವನ್ನು ಮತ್ತೆ ಹಾಕುತ್ತಾ ಕೂರಬೇಡಿ.

ನಿಜವಾದ ತಪ್ಪುಗಳು ಬೇರೆ ರೀತಿ ಕಾಣಿಸಿಕೊಳ್ಳುತ್ತವೆ. ಕ್ಯಾಲ್ಕುಲೇಟರಿನಲ್ಲಿ ln ಒತ್ತಿ ಅದನ್ನು ln 2ರಿಂದ ಭಾಗಿಸದೇ ಬಿಟ್ಟರೆ ಒಟ್ಟು ಎಂಟ್ರೊಪಿ 0.940ರ ಬದಲು 0.652 ಆಗುತ್ತದೆ. ಕೊನೆಯವರೆಗೂ ln ಇಟ್ಟುಕೊಂಡರೆ ಎಲ್ಲ ಗೇನ್‌ಗಳೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ರೂಟ್ ಮಾತ್ರ ಸರಿಯಾಗಿಯೇ ಬರುತ್ತದೆ. ಅಪಾಯ ಇರುವುದು ಬೆರಕೆಯಲ್ಲಿ. ಜೋರು ಗಾಳಿಯ 3–3 ಗುಂಪಿಗೆ ‘ಸಮಸಮ, ಹಾಗಾದರೆ 1’ ಎಂದು ಬಾಯಿಪಾಠದಿಂದ ಬರೆದು ಉಳಿದದ್ದಕ್ಕೆ ln ಬಳಸಿದರೆ ಗಾಳಿಯ ಗೇನ್ −0.098 ಎಂದು ಬರುತ್ತದೆ. ಗೇನ್ ಎಂದೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಮೈನಸ್ ಕಂಡಿತೋ, ಒಂದೋ ಲಾಗ್ ಬೆರಕೆಯಾಗಿದೆ, ಇಲ್ಲವೇ ಎಣಿಕೆ ತಪ್ಪಿದೆ. ಹಾಗೆಯೇ ಎರಡೇ ಫಲಗಳಿರುವಾಗ ಎಂಟ್ರೊಪಿ 1ನ್ನು ದಾಟುವಂತಿಲ್ಲ. ಇನ್ನು ಮೋಡದ 4–0 ಗುಂಪಿಗೆ log 0 ಒತ್ತಿದರೆ ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. x ಸೊನ್ನೆಯತ್ತ ಸರಿದಂತೆ x log x ಕೂಡ ಸೊನ್ನೆಗೇ ಇಳಿಯುವುದರಿಂದ ಅಲ್ಲಿ 0 ಎಂದು ಬರೆಯುವುದು ವಾಡಿಕೆ.

ಪ್ರಶ್ನೆಪತ್ರಿಕೆಯಲ್ಲಿ ಒಂದು ಬಲೆಯೂ ಇರುತ್ತದೆ: ಪಟ್ಟಿಯ ಮೊದಲ ಕಾಲಂ, D1ರಿಂದ D14ರವರೆಗಿನ ದಿನದ ಹೆಸರು. ಅದನ್ನೂ ಒಂದು ಗುಣ ಎಂದುಕೊಂಡು ಲೆಕ್ಕ ಹಾಕಿದರೆ ಪ್ರತಿ ಗುಂಪಿನಲ್ಲೂ ಒಂದೇ ದಿನ, ಗೊಂದಲ ಪೂರ್ತಿ ಸೊನ್ನೆ, ಗೇನ್ 0.940. ಆಕಾಶವನ್ನು ಅದು ಎಲ್ಲೋ ಹಿಂದೆ ಹಾಕುತ್ತದೆ. ಆದರೆ ಹದಿನೈದನೆಯ ದಿನದ ಬಗ್ಗೆ ಆ ಮರಕ್ಕೆ ಏನೂ ಗೊತ್ತಿರುವುದಿಲ್ಲ. ಹೆಚ್ಚು ಹೋಳು ಮಾಡುವ ಗುಣಕ್ಕೆ ಗೇನ್ ಒಲಿಯುತ್ತದೆ ಎಂಬುದು ಕ್ವಿನ್ಲನ್‌ಗೂ ಗೊತ್ತಿತ್ತು. ಅದಕ್ಕೇ ಅವರು ಗೇನ್ ರೇಶಿಯೊ ತಂದರು, ಅಂದರೆ ಗುಂಪುಗಳ ಗಾತ್ರಗಳದೇ ಎಂಟ್ರೊಪಿಯಿಂದ ಗೇನನ್ನು ಭಾಗಿಸುವುದು. ಆಕಾಶದ ಗುಂಪುಗಳು 5, 4, 5. ಅವುಗಳ ಎಂಟ್ರೊಪಿ 1.577, ರೇಶಿಯೊ 0.156. ದಿನದ ಕಾಲಂನಲ್ಲಿ ಒಂದೊಂದೇ ದಿನದ ಹದಿನಾಲ್ಕು ಗುಂಪುಗಳು. ಎಂಟ್ರೊಪಿ log₂ 14, ಅಂದರೆ 3.807, ರೇಶಿಯೊ 0.247. ಇಷ್ಟಾದರೂ ದಿನದ ಕಾಲಂ ಮುಂದೆಯೇ ಉಳಿಯಿತು ನೋಡಿ! ಸೂತ್ರವನ್ನು ನಂಬಿ ಕೂರದೆ ಆ ಕಾಲಂ ಅನ್ನು ಮೊದಲೇ ಕೈಬಿಟ್ಟು, ‘ಇದು ಬರೀ ಗುರುತಿನ ಸಂಖ್ಯೆ, ಗುಣವಲ್ಲ’ ಎಂದು ಉತ್ತರದ ಮೇಲ್ಭಾಗದಲ್ಲೇ ಬರೆದುಬಿಡಬೇಕು.