ಕೆಂಪು ಆಯಿಲ್ ದೀಪ ಹೊತ್ತಿದ ಮೇಲೆ ಎಷ್ಟು ದೂರ?

ಕಾರಿನ ಮೀಟರಿನಲ್ಲಿ ಎಂಜಿನ್ ಆಯಿಲ್‌ಗೆ ಸಂಬಂಧಿಸಿದ ದೀಪ ಹೊತ್ತಿದರೆ ಹಲವರು ಹೇಳುವುದು ಒಂದೇ ಮಾತು: ‘ಹೇಗೂ ಮುಂದಿನ ವಾರ ಸರ್ವೀಸ್ ಇದೆ, ಆಗ ನೋಡಿದರಾಯಿತು.’ ಹೊತ್ತಿದ್ದು ಪಾನದ ಗುರುತಿನ ಸರ್ವೀಸ್ ದೀಪವಾದರೆ ಈ ಮಾತು ಸರಿ. ಅದು ಓಡಿದ ಕಿಲೋಮೀಟರ್ ಮತ್ತು ಕಳೆದ ತಿಂಗಳುಗಳನ್ನು ಎಣಿಸಿ ನೆನಪು ಮಾಡುತ್ತದೆ, ಅಷ್ಟೆ. ಎಣ್ಣೆ ಕ್ಯಾನಿನ ಚಿತ್ರ ಹಳದಿ ಬಣ್ಣದಲ್ಲಿ ಬಂದರೆ ಆಯಿಲ್ ಮಟ್ಟ ಇಳಿದಿದೆ ಎಂದರ್ಥ. ಅನುಕೂಲವಾದ ಕಡೆ ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿ, ಬೇಕಾದಷ್ಟು ತುಂಬಬೇಕು. ಅದೇ ಕ್ಯಾನು ಕೆಂಪು ಬಣ್ಣದಲ್ಲಿ ಬಂದರೆ ವಿಷಯವೇ ಬೇರೆ. ಅದು ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ, ಆಯಿಲ್ ಒತ್ತಡ ಬಿದ್ದುಹೋಗಿದೆ ಎನ್ನುತ್ತದೆ. ಮನೆಯ ತೊಟ್ಟಿಯಲ್ಲಿ ನೀರಿದ್ದರೂ ಮೋಟಾರು ಮೇಲೆತ್ತದಿದ್ದರೆ ನಲ್ಲಿ ಒಣಗಿರುವಂತೆ, ಎಂಜಿನ್ನಿನ ಅಡಿಯ ಚೇಂಬರಿನಲ್ಲಿ ಆಯಿಲ್ ತುಂಬಿದ್ದೂ ಈ ದೀಪ ಹೊತ್ತಬಹುದು.

ಒತ್ತಡ ಯಾಕೆ ಬೇಕು? ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ತನ್ನ ಬೇರಿಂಗ್‌ಗಳ ಮೇಲೆ ನೇರವಾಗಿ ಕೂತಿರುವುದಿಲ್ಲ. ಎರಡರ ನಡುವೆ ಕೂದಲೆಳೆಗಿಂತ ತೆಳುವಾದ ಸಂದಿಯಿದೆ. ಪಂಪು ಆ ಸಂದಿಗೆ ಆಯಿಲನ್ನು ಒತ್ತಿ ಕಳಿಸುತ್ತಲೇ ಇರುತ್ತದೆ. ಶಾಫ್ಟ್ ಆ ಪದರದ ಮೇಲೆ ತೇಲುತ್ತ ತಿರುಗುತ್ತದೆ. ಅಲ್ಲಿ ಹುಟ್ಟುವ ಬಿಸಿಯನ್ನೂ ಆಯಿಲೇ ಹೊತ್ತೊಯ್ಯುತ್ತದೆ. ಪೂರೈಕೆ ನಿಂತರೆ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ.

ಈ ದೀಪ ಮುನ್ಸೂಚನೆ ಕೊಡುವಂಥದ್ದೂ ಅಲ್ಲ. ಬಿಸಿಯಾದ ಎಂಜಿನ್ ರಸ್ತೆಯಲ್ಲಿ ಓಡುವಾಗ ಒತ್ತಡ ಸಾಮಾನ್ಯವಾಗಿ 2ರಿಂದ 4 ಬಾರ್ ಇರುತ್ತದೆ. ದೀಪದ ಸ್ವಿಚ್ಚು ಹಲವು ಕಾರುಗಳಲ್ಲಿ ಅರ್ಧ ಬಾರ್ ಆಸುಪಾಸಿಗೆ ಇಳಿದ ಮೇಲಷ್ಟೇ ದೀಪ ಹೊತ್ತಿಸುತ್ತದೆ. ಅಂದರೆ ನಮಗೆ ಕೆಂಪು ಕಾಣುವ ಹೊತ್ತಿಗೆ ಒಳಗೆ ಒತ್ತಡ ಹೆಚ್ಚುಕಡಿಮೆ ಮುಗಿದೇ ಹೋಗಿರುತ್ತದೆ.

ಚಾರ್ಮಾಡಿ ಘಾಟಿ ಇಳಿಯುವ ಒಂದು ಸಣ್ಣ ಪೆಟ್ರೋಲ್ ಕಾರನ್ನು ಊಹಿಸಿಕೊಳ್ಳಿ. ಚೇಂಬರಿನಲ್ಲಿ ಮೂರೂವರೆ ಲೀಟರ್ ಆಯಿಲ್. ಕೊಟ್ಟಿಗೆಹಾರದ ಹತ್ತಿರ ಅಡಿಗೆ ಕಲ್ಲು ಬಡಿದು ಚೇಂಬರ್ ಸೀಳಿದೆ, ಆಯಿಲ್ ಸೋರುತ್ತಿದೆ. ಮೊದಲು ತಿರುವಿನಲ್ಲಿ ಮಾತ್ರ ದೀಪ ಮಿಣುಕುತ್ತದೆ. ಉಳಿದ ಆಯಿಲ್ ಒಂದು ಬದಿಗೆ ವಾಲಿ, ಪಂಪಿನ ಹೀರುಕೊಳವೆ ಗಾಳಿಯನ್ನು ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ನೇರ ರಸ್ತೆ ಬಂದೊಡನೆ ಆರುತ್ತದೆ. ವೈರು ಸಡಿಲವಾಗಿರಬೇಕು ಎಂದು ಚಾಲಕ ಸಮಾಧಾನ ಮಾಡಿಕೊಳ್ಳುತ್ತಾನೆ. ನಿಲ್ಲಿಸಬೇಕಾದ ಜಾಗ ಅದೇ ಆಗಿತ್ತು. ಘಾಟಿ ಇಳಿದ ಮೇಲೆ ದೀಪ ಬಿಡದೆ ಉರಿಯತೊಡಗುತ್ತದೆ. ಗ್ಯಾರೇಜ್ ಇನ್ನು ಐದೇ ಕಿಲೋಮೀಟರ್. ಗಂಟೆಗೆ 50ರ ವೇಗದಲ್ಲಿ ಆರು ನಿಮಿಷದ ದಾರಿ. ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತಿದ್ದರೆ ಕ್ರ್ಯಾಂಕ್ ಶಾಫ್ಟ್ 15,000 ಸಲ ಒಣಗಿದ ಬೇರಿಂಗಿನಲ್ಲಿ ಉಜ್ಜಿಕೊಂಡು ತಿರುಗಬೇಕು. ಮೊದಲು ಮೇಲುಗಡೆಯಿಂದ ಕಟಕಟ ಸದ್ದು, ಆಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಜೋರಾಗುವ, ಕೆಳಗಿನಿಂದ ಬರುವ ಬಡಿತ. ಆ ಬಡಿತ ಕೇಳಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದು ಸಡಿಲಾಗಿದೆ ಎಂದೇ ಹೆಚ್ಚಿನ ಸಂದರ್ಭಗಳಲ್ಲಿ ತಿಳಿಯಬೇಕು. ಮುಂದೆ ಬೇರಿಂಗ್ ಶಾಫ್ಟಿಗೆ ಅಂಟಿ ಎಂಜಿನ್ ಸೀಜ್ ಆಗಬಹುದು, ರಾಡು ಮುರಿದು ಎಂಜಿನ್ ಬ್ಲಾಕನ್ನೇ ತೂತು ಮಾಡಬಹುದು. ಟರ್ಬೊ ಇರುವ ಕಾರಿನಲ್ಲಿ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗಬಲ್ಲ ಅದರ ಶಾಫ್ಟ್ ಇನ್ನೂ ಬೇಗ ಹಾಳಾಗುತ್ತದೆ.

ಆದ್ದರಿಂದ ಓಡುತ್ತಿರುವಾಗ ಕೆಂಪು ದೀಪ ಕಂಡರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಹಜಾರ್ಡ್ ಲೈಟ್ ಹಾಕಿ, ಸುರಕ್ಷಿತವಾದ ಮೊದಲ ಜಾಗದಲ್ಲಿ ಬದಿಗೆ ನಿಲ್ಲಿಸಿ, ನಿಂತ ಕ್ಷಣವೇ ಎಂಜಿನ್ ಆರಿಸಬೇಕು. ಚಲಿಸುತ್ತಿರುವಾಗಲೇ ಆರಿಸಬೇಡಿ, ಸ್ಟಿಯರಿಂಗ್, ಬ್ರೇಕ್ ಎರಡೂ ಬಿಗಿಯಾಗುತ್ತವೆ. ನಿಂತಲ್ಲೇ ಎಂಜಿನ್ ಓಡಿಸುತ್ತ ಫೋನ್ ಮಾಡುವುದೂ ತಪ್ಪು, ಐಡ್ಲಿಂಗ್‌ನಲ್ಲಿ ಪಂಪೂ ನಿಧಾನವಾಗಿಯೇ ತಿರುಗುತ್ತದೆ.

ಹತ್ತು ನಿಮಿಷ ಬಿಟ್ಟು, ಕಾರು ಸಮತಟ್ಟಾದ ಜಾಗದಲ್ಲಿದ್ದರೆ, ಡಿಪ್‌ಸ್ಟಿಕ್ ನೋಡಿ. ಬಹಳಷ್ಟು ಕಾರುಗಳಲ್ಲಿ ಮೇಲಿನ ಮತ್ತು ಕೆಳಗಿನ ಗುರುತಿನ ನಡುವೆ ಸುಮಾರು ಒಂದು ಲೀಟರ್ ಅಂತರ. ಮಟ್ಟ ಕೆಳಗಿದ್ದು ಎಲ್ಲೂ ಸೋರಿಕೆ ಕಾಣದಿದ್ದರೆ ಸರಿಯಾದ ಗ್ರೇಡಿನ ಆಯಿಲ್ ತುಂಬಿ ಸ್ಟಾರ್ಟ್ ಮಾಡಬಹುದು. ಕೆಲವೇ ಸೆಕೆಂಡುಗಳಲ್ಲಿ ದೀಪ ಆರದಿದ್ದರೆ ಮತ್ತೆ ಆರಿಸಿ, ಟೋಯಿಂಗ್ ಗಾಡಿ ಕರೆಸಿ. ಕೆಳಗೆ ಆಯಿಲ್ ತೊಟ್ಟಿಕ್ಕುತ್ತಿದ್ದರೆ ತುಂಬಿಯೂ ಪ್ರಯೋಜನವಿಲ್ಲ.

ಮಟ್ಟ ಸರಿಯಿದ್ದೂ ದೀಪ ಹೊತ್ತಿದರೆ ಜನ ಮೋಸಹೋಗುವುದು ಹೆಚ್ಚು. ಜಿಡ್ಡು ಕಟ್ಟಿದ ಜಾಲರಿ, ಸವೆದ ಪಂಪು, ಸವೆದ ಬೇರಿಂಗ್, ಯಾವುದೂ ಕಾರಣವಿರಬಹುದು. ಸ್ವಿಚ್ಚೇ ಕೆಟ್ಟಿರುವುದೂ ಅಪರೂಪವಲ್ಲ. ಆದರೆ ಅದನ್ನು ಸೀಟಿನಲ್ಲಿ ಕೂತು ತೀರ್ಮಾನಿಸಲು ಸಾಧ್ಯವಿಲ್ಲ. ಮೆಕ್ಯಾನಿಕ್ ಸ್ವಿಚ್ಚು ಬಿಚ್ಚಿ, ಅದೇ ಜಾಗಕ್ಕೆ ಪ್ರೆಶರ್ ಗೇಜ್ ಜೋಡಿಸಿ ನೋಡಬೇಕು.

ಹಣದ ವಿಷಯವೂ ಇದೆ. ನಮ್ಮ ದೇಶದ ಪ್ರಚಲಿತ ಮೋಟಾರು ವಿಮೆಯ ಷರತ್ತುಗಳಲ್ಲಿ, ಅಪಘಾತವಾದ ಅಥವಾ ಕೆಟ್ಟುನಿಂತ ವಾಹನವನ್ನು ರಿಪೇರಿ ಮಾಡಿಸದೆ ಓಡಿಸಿದರೆ ಹೆಚ್ಚಾಗುವ ಹಾನಿ ಮಾಲೀಕನದೇ ಎಂದು ಬರೆದಿರುತ್ತದೆ. ಕಲ್ಲು ಬಡಿದು ಸೀಳಿದ ಚೇಂಬರಿಗೆ ವಿಮೆ ಸಿಗಬಹುದು. ಆಮೇಲೆ ಓಡಿಸಿದ ಐದು ಕಿಲೋಮೀಟರಿನಲ್ಲಿ ಸೀಜ್ ಆದ ಎಂಜಿನ್ನಿನ ಬಿಲ್ಲನ್ನು ಇದೇ ಷರತ್ತು ತೋರಿಸಿ ಕಂಪನಿ ತಳ್ಳಿಹಾಕಬಹುದು.